ಪದಚರ್ಚೆ: ಬೋರ್ಡಿಗೆ 'ಉರಿಯೂತ ನಿರೋಧಕ' ಸರಿಯಾ?

ಉಡುಪಿಯಿಂದ:
ಜಿಮ್ ಪಕ್ಕದ ಜ್ಯೂಸ್ ಅಂಗಡಿಗೆ ಬೋರ್ಡ್ ಬರೆದುಕೊಡಬೇಕು. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ಅರಶಿನ ಹಾಲಿಗೂ ಹುಳಿ ಚೆರ್ರಿ ಜ್ಯೂಸಿಗೂ ಮಾಲೀಕರು ಕೊಟ್ಟ ಸಾಲು 'ಆ್ಯಂಟಿ ಇನ್‌ಫ್ಲಮೇಟರಿ, ಮಸಲ್ ಪೇಯ್ನ್ ಮಾಯ'. ಇದನ್ನು 'ಉರಿಯೂತ ನಿರೋಧಕ, ಸ್ನಾಯುನೋವು ನಿವಾರಕ' ಎನ್ನಬಹುದಾ?

ಕುಂದಾಪುರದಿಂದ:
ಆಗದು. ಉರಿ, ಊತ ಎರಡೂ ಅಚ್ಚಗನ್ನಡ. ಅದಕ್ಕೆ 'ನಿರೋಧಕ' ಅಂಟಿಸಿದರೆ ಅರಿಸಮಾಸ. ಸ್ನಾಯು ಎಂದರೆ ಸಂಸ್ಕೃತದಲ್ಲಿ ಕೀಲು ಬಿಗಿಯುವ ನಾರು, ಮಾಂಸಖಂಡವಲ್ಲ. 'ಉರಿಯೂತ ತಗ್ಗಿಸುವ' ಎನ್ನಿ.

ಕದ್ರಿಯಿಂದ:
ನನ್ನ ಕಾಲು ಉಳುಕಿದಾಗ ಅಜ್ಜಿ ಅರಶಿನ ಅರೆದು ಹಚ್ಚಿದ್ದರು, ಮೂರೇ ದಿನಕ್ಕೆ ಇಳಿಯಿತು. ಅಂದ ಹಾಗೆ ಚೆರ್ರಿ ಎಂದರೆ ಕೇಕಿನ ಮೇಲಿನದ್ದಾ? ಅದು ಹೆಚ್ಚಾಗಿ ನಮ್ಮ ಕರಂಡೆಯನ್ನೇ ಸಕ್ಕರೆ ಪಾಕಕ್ಕೆ ಹಾಕಿದ್ದು.

ಮಣಿಪಾಲದಿಂದ:
ಕೇಕಿನದ್ದಲ್ಲ, ಉಳುಕೂ ಅಲ್ಲ. ಇಲ್ಲಿರುವುದು ವ್ಯಾಯಾಮ ಮಾಡಿದ ಒಂದೆರಡು ದಿನಕ್ಕೆ ಜೋರಾಗುವ ನೋವು. ಮೊದಲು 'ನಿವಾರಕ' ತೆಗೆಯಿರಿ. ಉರಿಯೂತ ಇಳಿದರೆ ನೋವೂ ಇಳಿಯುತ್ತದೆ ಎಂದು ಆ ಸಾಲು ಸುಮ್ನೆ ನಂಬಿಕೊಂಡಿದೆ. ಲಂಡನ್ ಮ್ಯಾರಥಾನ್ ಓಡಿದ 20 ಜನರ ಮೇಲೆ ಮಾಡಿದ ಅಧ್ಯಯನವೊಂದು 2010ರಲ್ಲಿ ಬಂತು. ಕೆಲವರು ಹುಳಿ ಚೆರ್ರಿ ಜ್ಯೂಸನ್ನು ಓಟಕ್ಕೆ ಐದು ದಿನ ಮೊದಲೇ ಶುರು ಮಾಡಿ, ಓಡಿದ ದಿನವೂ ಆಮೇಲಿನ ಎರಡು ದಿನವೂ ಕುಡಿದರು. ಅವರ ಕಾಲಿನ ಬಲ ಬೇಗ ಮರಳಿತು, ರಕ್ತದಲ್ಲಿ ಉರಿಯೂತದ ಗುರುತುಗಳೂ ತಗ್ಗಿದವು. ನೋವಿನಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವು ತಗ್ಗಿದ ಸಣ್ಣ ಅಧ್ಯಯನಗಳೂ ಇವೆ. ಆದರೆ ಅಲ್ಲೂ ದಿನಗಟ್ಟಲೆ ಕುಡಿದಿದ್ದಾರೆ. ಜಿಮ್ಮಿನಿಂದ ಇಳಿದು ಒಂದು ಲೋಟ ಕುಡಿದ ಲೆಕ್ಕ ಬೇರೆ.

ಸುರತ್ಕಲ್‌ನಿಂದ:
ಅರಶಿನ ಹಾಲಿಗೆ ಕಾಳುಮೆಣಸು ಹಾಕಿದರೆ 20 ಪಟ್ಟು ಕೆಲಸ ಮಾಡುತ್ತದೆ, ಬೆಂಗಳೂರಿನಲ್ಲೇ ತೋರಿಸಿದ್ದಾರೆ.

ಮಣಿಪಾಲದಿಂದ:
ಅರ್ಧ ಸರಿ. 1998ರ ಆ ಅಧ್ಯಯನದಲ್ಲಿ ಕೊಟ್ಟದ್ದು ಅರಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ 2 ಗ್ರಾಂ, ಜೊತೆಗೆ ಕಾಳುಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ. 20 ಪಟ್ಟು ಹೆಚ್ಚಿದ್ದು ರಕ್ತಕ್ಕೆ ಸೇರುವ ಪ್ರಮಾಣ. ನೋವು ಅಳೆಯಲೇ ಇಲ್ಲ. ನಿಮ್ಮ ಲೋಟದಲ್ಲಿ ಅರ್ಧ ಚಮಚ, ಅಂದರೆ ಸುಮಾರು ಒಂದೂವರೆ ಗ್ರಾಂ ಅರಶಿನ. ಅದರಲ್ಲಿ ಕರ್ಕ್ಯುಮಿನ್ ಶೇ. 3 ಎಂದಿಟ್ಟುಕೊಂಡರೆ 45 ಮಿಲಿಗ್ರಾಂ. ನೋವು ಸ್ವಲ್ಪ ಇಳಿಯಿತು ಎನ್ನುವ ಅಧ್ಯಯನಗಳಲ್ಲಿ ಇದರ ಹಲವು ಪಟ್ಟು, ಅದೂ ಮಾತ್ರೆಯಲ್ಲಿ.

ಕುಂದಾಪುರದಿಂದ:
ಪದ ಕೇಳಿದರೆ ಔಷಧಿ ಅಂಗಡಿ ತೆರೆದಿರಿ. ಕರ್ಕ್ಯುಮಿನ್‌ಗೆ ಕನ್ನಡ ಇಲ್ಲವಾ?

ಕದ್ರಿಯಿಂದ:
'ಬೋರ್ಡ್' ಕನ್ನಡವಾ ಮಾರಾಯ್ರೆ? ಅದನ್ನು ಬಿಟ್ಟಿರಲ್ಲ. 'ಮೈಕೈ ನೋವು' ಎಂದು ಬರೆಯಿರಿ, ಮುಗಿಯಿತು.

ಸುರತ್ಕಲ್‌ನಿಂದ:
ಅದು ಜ್ವರ ಬಂದಾಗ ಹೇಳುವುದು.

ಉಡುಪಿಯಿಂದ:
'ಅರಶಿನ ಹಾಲು, ಕಾಳುಮೆಣಸು ಹಾಕಿದ್ದು' ಎಂದಷ್ಟೇ ಕಳಿಸಿದೆ. ಚೆರ್ರಿಗೆ 'ಉರಿಯೂತ ತಗ್ಗಿಸಲು ನೆರವಾಗಬಹುದು'. ಮಾಲೀಕರಿಗೆ 'ಬಹುದು' ಹಿಡಿಸಲಿಲ್ಲ. ಪ್ರಿಂಟಿನವರು ಸಂಜೆವರೆಗೆ ಕಾಯುತ್ತಾರಂತೆ.