ಪದಚರ್ಚೆ: ‘ರಿಶೆಡ್ಯೂಲ್’, ‘ಕ್ಯಾನ್ಸಲ್’ – ಗುಂಡಿಯೊಳಗೆ ಹಿಡಿಸುವ ಪದ ಬೇಕು

ಸುಮಾ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಎರಡು ಪದ ಬೇಕಾಗಿದೆ.

ಒಂದು ಕ್ಲಿನಿಕ್‌ನ ಆ್ಯಪ್ ಕನ್ನಡಕ್ಕೆ ತರುತ್ತಿದ್ದೇನೆ. ಅದರ ಮೆನುವಿನಲ್ಲಿ ಮೂರು ಸಾಲಿವೆ: `View appointment`, `Reschedule appointment`, `Cancel appointment`. ನಾನು ‘ಅಪಾಯಿಂಟ್‌ಮೆಂಟ್ ವೀಕ್ಷಿಸಿ’, ‘ಅಪಾಯಿಂಟ್‌ಮೆಂಟ್ ಮರುನಿಗದಿಗೊಳಿಸಿ’, ‘ಅಪಾಯಿಂಟ್‌ಮೆಂಟ್ ರದ್ದುಗೊಳಿಸಿ’ ಎಂದು ಬರೆದೆ. ಫೋನಿನಲ್ಲಿ ತೆರೆದರೆ ಮೂರೂ ಸಾಲು ಒಂದೇ ಥರ, ‘ಅಪಾಯಿಂಟ್‌ಮೆಂಟ್ …’ ಅಂತ ಮಾತ್ರ. ಅಮ್ಮನ ಕೈಗೆ ಕೊಟ್ಟು ನೋಡಿದೆ. ನೋಡಲು ಹೋದವರು ರದ್ದು ಮಾಡಿಬಿಟ್ಟರು. ಪುಣ್ಯಕ್ಕೆ ಅದು ಪರೀಕ್ಷೆಯ ಆ್ಯಪ್.

ಇವೇ ಪದಗಳು ಕೆಳಗೆ ಪಕ್ಕಪಕ್ಕದ ಮೂರು ಗುಂಡಿಗಳಲ್ಲೂ ಬರುತ್ತವೆ. ಒಂದು ಗುಂಡಿಗೆ 12 ಅಕ್ಷರ ಮೀರಬಾರದು ಎಂದು ಡೆವಲಪರ್ ಹೇಳಿದ್ದಾರೆ. ಚಿಕ್ಕ ಪದ ಹೊಳೆದರೆ ತಿಳಿಸಿ.

ಮಂಜುನಾಥ, ಹಾಸನ

‘ರದ್ದು’ ಕನ್ನಡವಲ್ಲ. ಅರಬ್ಬಿಯ ‘ರದ್ದ್’. ಅದಕ್ಕೆ ‘ಗೊಳಿಸು’ ಬೇರೆ ಅಂಟಿಸಿದ್ದೀರಿ. ಕೊಳ್ಳು, ಗೊಳ್ಳು, ಗೊಳಿಸು. ಕನ್ನಡದಲ್ಲಿ ಕ್ರಿಯಾಪದ ಇಲ್ಲದ ಕಡೆ ಬಾಲ ಕಟ್ಟಿ ಕ್ರಿಯಾಪದ ಮಾಡುವ ಕಚೇರಿ ಚಾಳಿ ಇದು. ನಿಮ್ಮ ಗುಂಡಿ ಒಡೆದದ್ದು ಈ ಬಾಲದಿಂದಲೇ. ‘ಬೇಡ’ ಎಂದು ಬರೆಯಿರಿ. ‘ರಿಶೆಡ್ಯೂಲ್’ಗೆ ‘ಬದಲಿಸಿ’ ಸಾಕು. ಅಚ್ಚ ಕನ್ನಡ ಬರೆದರೆ ಉದ್ದದ ತೊಂದರೆಯೇ ಇರುವುದಿಲ್ಲ.

ಫರೀದಾ, ಕಲಬುರಗಿ

‘ಬದಲ್’ ಕೂಡ ಅರಬ್ಬಿಯೇ ಸರ್.

ಗಣಪತಿ, ಶಿರಸಿ

‘ಮುಂದೂಡಿ’ ಆಗಬಹುದಲ್ವಾ? ಚಿಕ್ಕದು, ಎಲ್ಲರಿಗೂ ಗೊತ್ತಿರುವ ಪದ.

ಸುಮಾ

ನಾನೂ ಮೊದಲು ಅದನ್ನೇ ಬರೆದಿದ್ದೆ. ಆದರೆ ಶುಕ್ರವಾರದ ಭೇಟಿಯನ್ನು ಬುಧವಾರಕ್ಕೆ ತರಲಿಕ್ಕೂ ಇದೇ ಗುಂಡಿ ಒತ್ತಬೇಕು. ಅಲ್ಲಿ ‘ಮುಂದೂಡಿ’ ತಪ್ಪಾಗುತ್ತದೆ.

ರಾಘವೇಂದ್ರ, ಬೆಂಗಳೂರು

ಹತ್ತು ವರ್ಷದಿಂದ ಇಂಥ ಆ್ಯಪ್‌ಗಳ ಪರದೆ ತಿದ್ದುತ್ತಿದ್ದೇನೆ. ಪದ ಹುಡುಕುವ ಮೊದಲು ಎರಡು ವಿಷಯ ಹೇಳುತ್ತೇನೆ.

ನಿಮ್ಮ ಮೆನು ಕೆಟ್ಟದ್ದು ಉದ್ದದಿಂದ ಮಾತ್ರ ಅಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಬಾಲ ಕತ್ತರಿಸಿದರೂ `Cancel app…` ಉಳಿಯುತ್ತದೆ, ಕೆಲಸ ಯಾವುದೆಂದು ತಿಳಿಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದೇ ಮೊದಲು ಹೋಗುತ್ತದೆ. ‘ಬೇಡ’ ಎನ್ನುವುದಂತೂ ಕೊನೆಯ ತುದಿಯಲ್ಲಿ. ‘ಈಗ ಕಳುಹಿಸಬೇಡಿ’ ಎಂಬುದು ‘ಈಗ ಕಳುಹಿಸ…’ ಆದರೆ ಅರ್ಥವೇ ತಿರುಗಿಬಿಡುತ್ತದೆ. ಆದ್ದರಿಂದ ಕೆಲಸ ಹೇಳುವ ಪದವನ್ನು ಚುಕ್ಕಿ ಹಾಕಿ ಕತ್ತರಿಸುವುದೇ ಬೇಡ. ಎರಡನೇ ಸಾಲಿಗೆ ಇಳಿಯಲಿ. ಇನ್ನು ಆ ಮೆನು ತೆರೆಯುವುದೇ ಅಪಾಯಿಂಟ್‌ಮೆಂಟಿನ ಮೇಲೆ. ಅದೇ ಪದ ಮೂರು ಸಲ ಯಾಕೆ? ‘ನೋಡಿ’, ‘ಬದಲಿಸಿ’, ‘ರದ್ದು ಮಾಡಿ’ ಸಾಕು.

ಎರಡನೆಯದು ಆ 12ರ ಲೆಕ್ಕ. ಕಂಪ್ಯೂಟರ್ ಎಣಿಸುವುದು ನಾವು ಅಕ್ಷರ ಎನ್ನುವುದನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ರದ್ದುಗೊಳಿಸಿ’ ಓದುವವರಿಗೆ ಐದಕ್ಷರ. ಕಂಪ್ಯೂಟರಿಗೆ 11, ಏಕೆಂದರೆ ಹಲಂತ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ. ಹಾಗೆ ಎಣಿಸಿದರೂ ಅಗಲ ಗೊತ್ತಾಗುವುದಿಲ್ಲ. ‘ಸಮಯ’ಕ್ಕೂ 3, ‘ದಿನ’ಕ್ಕೂ 3. ಪರದೆಯ ಮೇಲೆ ನೋಡಿ, ‘ಸಮಯ’ ಎಷ್ಟು ಜಾಸ್ತಿ ಜಾಗ ತಿನ್ನುತ್ತದೆ! ಅಳೆಯಬೇಕಾದ್ದು ಅಗಲವನ್ನು. ಅದೂ ಫೋನಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಂಡು. ನಿಮ್ಮ ಅಮ್ಮನಂಥವರು ಇಟ್ಟುಕೊಳ್ಳುವುದು ಅದನ್ನೇ.

ಬಸವರಾಜ, ಧಾರವಾಡ

ನಮ್ಮ ಅಂಗಡಿ ಬೋರ್ಡಿಗೂ ಇದೇ ತಾಪತ್ರಯ ಆಗಿತ್ತು. 2024ರ ತಿದ್ದುಪಡಿ ಪ್ರಕಾರ 60 ಪರ್ಸೆಂಟ್ ಕನ್ನಡ ಇರಬೇಕಲ್ಲ. ‘ಹಾರ್ಡ್‌ವೇರ್ ಅಂಡ್ ಎಲೆಕ್ಟ್ರಿಕಲ್ಸ್’ ಬರೆಸಿದರೆ ಬೋರ್ಡ್ ತುಂಬಿಹೋಯಿತು. ಪೇಂಟರ್ ಅಕ್ಷರ ಒತ್ತೊತ್ತಾಗಿ ಬರೆದು ಕೂರಿಸಿದ. ನೀವೂ ಅಕ್ಷರ ಸಣ್ಣದು ಮಾಡಿಬಿಡಿ.

ರಾಘವೇಂದ್ರ

ಬಸವರಾಜ ಅವರೇ, ಬೋರ್ಡಿನ ಎದುರು ನಿಂತ ಪೇಂಟರ್ ಕಣ್ಣಿನಿಂದ ಅಳೆದು ಬರೆಯುತ್ತಾನೆ. ಆ್ಯಪ್‌ನಲ್ಲಿ ಆ ಪೇಂಟರ್ ಇಲ್ಲ. ಅಕ್ಷರ ಸಣ್ಣದು ಮಾಡಿದರೆ ಮೊದಲು ಕಾಣದೆ ಹೋಗುವುದು ಒತ್ತಕ್ಷರ.

ಅನಿತಾ, ಮಂಗಳೂರು

ನಾನು ಟೆಸ್ಟಿಂಗ್ ಮಾಡುವವಳು. ಇದಕ್ಕೆ ಅನುವಾದ ಬರುವವರೆಗೆ ಕಾಯಬೇಕಾಗಿಲ್ಲ. ಆಂಡ್ರಾಯ್ಡ್‌ನಲ್ಲಿ `en-XA` ಎಂಬ ಹುಸಿ ಭಾಷೆ ಇದೆ. ಅದನ್ನು ಹಾಕಿದರೆ ಇಂಗ್ಲಿಷ್ ಪದಗಳೇ ಉದ್ದವಾಗಿ ತೋರುತ್ತವೆ. ಎಲ್ಲೆಲ್ಲಿ ಒಡೆಯುತ್ತದೆ ಎಂದು ಮೊದಲ ದಿನವೇ ಗೊತ್ತಾಗುತ್ತದೆ. ಅದರಲ್ಲಿ ಪಾಸಾದರೆ ಕನ್ನಡಕ್ಕೂ ಪಾಸು. 30 ಪರ್ಸೆಂಟ್ ಜಾಸ್ತಿ ಜಾಗ ಬಿಟ್ಟರೆ ಸಾಕು.

ರಾಘವೇಂದ್ರ

ಅರ್ಧ ಒಪ್ಪುತ್ತೇನೆ. `en-XA` ಅಗಲದ ತಪ್ಪು ಹಿಡಿಯುತ್ತದೆ, ಖಂಡಿತ ಓಡಿಸಿ. ಆದರೆ 30 ಪರ್ಸೆಂಟ್ ಸಾಕಾಗುವುದು ಉದ್ದದ ವಾಕ್ಯಗಳಿಗೆ. ಐಬಿಎಂನ ಹಳೆಯ ಪಟ್ಟಿಯೇ ಹತ್ತು ಅಕ್ಷರದೊಳಗಿನ ಇಂಗ್ಲಿಷ್ ಪದಕ್ಕೆ ಎರಡರಿಂದ ಮೂರು ಪಟ್ಟು ಜಾಗ ಇಡಿ ಎನ್ನುತ್ತದೆ. ಗುಂಡಿಗಳ ಪದ ಎಲ್ಲ ಆ ಅಳತೆಯವೇ.

ಇನ್ನೊಂದು, `en-XA`ಯಲ್ಲಿ ಒತ್ತಕ್ಷರ ಇಲ್ಲ. ಕನ್ನಡ ಕೆಳಗೂ ಬೆಳೆಯುತ್ತದೆ. ಗುಂಡಿಯ ಎತ್ತರ ಬಿಗಿಯಾಗಿ ಕಟ್ಟಿದ್ದರೆ ಒತ್ತು ಕತ್ತರಿಸಿ ಹೋಗುತ್ತದೆ. ಚುಕ್ಕಿಯಾದರೂ ಏನೋ ಉಳಿದಿದೆ ಎಂದು ಹೇಳುತ್ತದೆ. ಒತ್ತು ಹೋದರೆ ಸುಳಿವೇ ಇರುವುದಿಲ್ಲ. ನಾನು ತಿದ್ದಿದ ಒಂದು ಫಾರ್ಮಿನಲ್ಲಿ ‘ಹಳ್ಳಿ’ ಎಂಬುದು ‘ಹಳಿ’ ಆಗಿ ತಿಂಗಳುಗಟ್ಟಲೆ ಇತ್ತು. ಪದ ಸರಿಯಾಗಿಯೇ ಕಾಣುವುದರಿಂದ ಕನ್ನಡ ಬಾರದ ಟೆಸ್ಟರ್‌ಗೆ ಅದು ಕಣ್ಣಿಗೇ ಬೀಳುವುದಿಲ್ಲ. ಸುಮಾ ಅವರೇ, ಡೆವಲಪರಿಗೆ ಇದನ್ನು ಕಳುಹಿಸಿ:

```xml
android:layout_height="wrap_content"
android:minHeight="48dp"
android:maxLines="2"
```

ಎತ್ತರ ಕಟ್ಟಿಹಾಕದೆ ಕನಿಷ್ಠ ಮಾತ್ರ ಹೇಳಿದರೆ ಒತ್ತಿಗೂ ಎರಡನೇ ಸಾಲಿಗೂ ಜಾಗ ಸಿಗುತ್ತದೆ. `includeFontPadding="false"` ಇದ್ದರೆ ತೆಗೆಸಿ. ಮೂರು ಗುಂಡಿ ಪಕ್ಕಪಕ್ಕ ಹಿಡಿಸದಿದ್ದರೆ ಒಂದರ ಕೆಳಗೊಂದು ಬರಲಿ.

ಅನಿತಾ

ಒತ್ತಿನ ವಿಷಯ ನನಗೆ ಹೊಳೆದಿರಲಿಲ್ಲ. ನಾಳೆಯೇ ನಮ್ಮ ಆ್ಯಪ್‌ನಲ್ಲಿ ನೋಡುತ್ತೇನೆ.

ಮಂಜುನಾಥ

ಗುಂಡಿ ದೊಡ್ಡದು ಮಾಡಿ ಅರಬ್ಬಿ ಪದಕ್ಕೆ ಜಾಗ ಕೊಡುವ ಬದಲು ‘ಬೇಡ’ ಎಂದರೆ ಮುಗಿಯಿತು. ಒತ್ತೇ ಇಲ್ಲ, ಎರಡೇ ಅಕ್ಷರ.

ಫರೀದಾ

ನೀವೇ ಈಗ ‘ಬದಲು’ ಎಂದು ಬರೆದಿರಿ ಸರ್. ತಪ್ಪೇನಿಲ್ಲ, ಅದು ಯಾವತ್ತೋ ಕನ್ನಡವಾಗಿದೆ. ‘ರದ್ದು’ ಕೂಡ ಹಾಗೆಯೇ. ಬಸ್ ರದ್ದಾಯಿತು, ಮೀಟಿಂಗ್ ರದ್ದಾಯಿತು ಎಂದರೆ ಹಳ್ಳಿಯಲ್ಲೂ ತಿಳಿಯುತ್ತದೆ.

‘ಬೇಡ’ಕ್ಕೆ ಬೇರೆ ಕೆಲಸ ಇದೆ. ರದ್ದು ಒತ್ತಿದ ಮೇಲೆ ಆ್ಯಪ್ ಖಚಿತವೇ ಎಂದು ಕೇಳುತ್ತದೆ. ಅಲ್ಲಿಯೂ ಇಂಗ್ಲಿಷಿನಲ್ಲಿ `Cancel` ಎಂದೇ ಇರುತ್ತದೆ, ಅರ್ಥ ಮಾತ್ರ ಉಲ್ಟಾ. ಎರಡೂ ಕಡೆ ಒಂದೇ ಪದ ಹಾಕಿದರೆ ಜನ ಎಡವುತ್ತಾರೆ. ‘ಭೇಟಿ ರದ್ದು ಮಾಡಬೇಕೇ?’ ಎಂದು ಕೇಳಿ ‘ಬೇಡ’, ‘ರದ್ದು ಮಾಡಿ’ ಎಂದು ಎರಡು ಗುಂಡಿ ಇಡಿ.

ಸುಮಾ

ಎಲ್ಲರಿಗೂ ಧನ್ಯವಾದ. ಮೆನುವಿಗೆ ‘ನೋಡಿ’, ‘ದಿನ ಬದಲಿಸಿ’, ‘ರದ್ದು ಮಾಡಿ’ ಕಳುಹಿಸಿದ್ದೇನೆ. ಖಚಿತ ಮಾಡುವ ಕಡೆ ಫರೀದಾ ಅವರು ಹೇಳಿದಂತೆ ಹಾಕಿದೆ. ಎತ್ತರ ಸಡಿಲ ಮಾಡಲು ಡೆವಲಪರ್ ಒಪ್ಪಿದರು. ಗುಂಡಿಗಳನ್ನು ಒಂದರ ಕೆಳಗೊಂದು ಇಡಲು ಇನ್ನೂ ಒಪ್ಪಿಲ್ಲ, ಇಂಗ್ಲಿಷಿನಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಒಂದು ಅನುಮಾನ ಉಳಿದಿದೆ. ಅದೇ ದಿನ ಹೊತ್ತು ಮಾತ್ರ ಬದಲಿಸುವವರಿಗೆ ‘ದಿನ ಬದಲಿಸಿ’ ಸರಿಹೋಗುತ್ತದೆಯೇ?

ಗಣಪತಿ

‘ಹೊತ್ತು ಬದಲಿಸಿ’ ಅಂದರೆ?

ಮಂಜುನಾಥ

‘ಹೊತ್ತು’ ಒಳ್ಳೆಯ ಪದ. ‘ಬದಲಿಸಿ’ಗೆ ಬೇರೆ ಹುಡುಕೋಣ.