‘ಓಂ ಶಾಂತಿ, ಸಬ್‌ಸ್ಕ್ರೈಬ್ ಮಾಡಿ’ ಅಂತ ಬರೆದುಬಿಟ್ಟೆ

ಪ್ರಶ್ನೆ (ದೇವರನಾಮದ ಚಾನೆಲ್, ಮಂಡ್ಯ): ಅಮ್ಮ ಹಾಡ್ತಾರೆ, ನಾನು ಯೂಟ್ಯೂಬ್‌ಗೆ ಹಾಕ್ತೀನಿ. ಒಬ್ಬ ಅಕ್ಕ ಹೀಗೆ ಕಾಮೆಂಟ್ ಮಾಡಿದ್ದರು: ‘ನಮ್ಮ ಯಜಮಾನರು ಹೋಗಿ 16 ದಿನ ಆಯ್ತು. ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಈ ಹಾಡು ಕೇಳ್ತಿದ್ದರು.’ ನಾನು ಎಲ್ಲರಿಗೂ ಹಾಕೋ ಹಾಗೆ ‘ಓಂ ಶಾಂತಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ’ ಅಂತ ಹಾಕಿಬಿಟ್ಟೆ. ರಾತ್ರಿ ಓದಿ ನಾಚಿಕೆ ಆಯ್ತು. ಇನ್ನೊಬ್ಬರು ಮಗಳ ಆಪರೇಷನ್‌ಗೆ ಪ್ರಾರ್ಥನೆ ಮಾಡಿ ಅಂದಿದ್ದಾರೆ. ಇಂಥವರಿಗೆ ಏನು ಬರೀಬೇಕು?

ಆಪ್ತ ಸಮಾಲೋಚಕಿ, ಮೈಸೂರು: ಮೊದಲು ಆ ಹಳೆ ಉತ್ತರ ಅಳಿಸಿ, ಹೊಸದಾಗಿ ಬರೆಯಿರಿ. ಸುಮ್ನೆ ತಿದ್ದಿದರೆ ಅವರ ಕಣ್ಣಿಗೆ ಬೀಳದೇ ಹೋಗಬಹುದು. ‘ಕ್ಷಮಿಸಿ ಅಕ್ಕ, ಮೊದಲು ಸರಿಯಾಗಿ ಓದದೆ ಬರೆದೆ’ ಅಂತ ಒಂದೇ ಸಾಲು ಸಾಕು. ಜಾಸ್ತಿ ಕ್ಷಮೆ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡೋ ಕೆಲಸ ಅವರ ತಲೆಗೆ ಬೀಳುತ್ತದೆ.

ಅವರು ಬರೆದದ್ದನ್ನು ಇನ್ನೊಮ್ಮೆ ಓದಿ. ಸಾವಿನ ಬಗ್ಗೆ ಒಂದು ಸಾಲು. ಹಾಲು ಹಾಕಿ ಬಂದು ಹಾಡು ಕೇಳ್ತಿದ್ದ ಮನುಷ್ಯನ ಬಗ್ಗೆ ಇನ್ನೊಂದು ಸಾಲು. ಅವರು ನಿಮ್ಮ ಕೈಗೆ ಕೊಟ್ಟಿರೋದು ಆ ಎರಡನೇ ಸಾಲು. ಉತ್ತರ ಅಲ್ಲಿಂದಲೇ ಶುರುವಾಗಲಿ. ನಾನಾಗಿದ್ದರೆ ಹೀಗೆ ಬರೀತಿದ್ದೆ:

‘ಅಕ್ಕ, ಹಾಲು ಹಾಕಿ ಬಂದು ಅವರು ಈ ಹಾಡು ಕೇಳ್ತಿದ್ದರು ಅನ್ನೋದನ್ನ ಅಮ್ಮನಿಗೆ ಓದಿ ಹೇಳಿದೆ. ಇನ್ನು ಈ ಹಾಡು ಹಾಡುವಾಗ ಅವರು ನೆನಪಾಗ್ತಾರೆ ಅಂದರು. ಹದಿನಾರೇ ದಿನ ಅಂದರೆ ಇನ್ನೂ ಮನೆ ತುಂಬ ಅವರೇ ಇರ್ತಾರೆ.’

ಅಮ್ಮನಿಗೆ ನಿಜವಾಗಿ ಓದಿ ಹೇಳಿದರೆ ಮಾತ್ರ ಹಾಗೆ ಬರೆಯಿರಿ. ಅಮ್ಮ ಏನು ಅಂದರೋ ಅದನ್ನೇ ಹಾಕಿ.

‘ಧೈರ್ಯವಾಗಿರಿ, ಮಕ್ಕಳ ಮುಖ ನೋಡಿ’, ‘ನರಳದೆ ಹೋದರಲ್ಲ, ಪುಣ್ಯವಂತರು’ ಅನ್ನೋದು ಬೇಡ. ಹಾಲು ತುಪ್ಪದ ದಿನದಿಂದ ಬಂದವರೆಲ್ಲ ಅದನ್ನೇ ಹೇಳಿರ್ತಾರೆ. ಏನಾಗಿತ್ತು, ವಯಸ್ಸೆಷ್ಟು ಅಂತ ಎಲ್ಲರೂ ನೋಡೋ ಜಾಗದಲ್ಲಿ ಕೇಳಬೇಡಿ. ಅವರು ‘ಹೋದರು’ ಅಂದಿದ್ದರೆ ನೀವೂ ‘ಹೋದರು’ ಅನ್ನಿ. ‘ವಿಧಿವಶ’, ‘ದೈವಾಧೀನ’ ಅಂದರೆ ಪೇಪರಿನ ಶ್ರದ್ಧಾಂಜಲಿ ಓದಿದ ಹಾಗಿರುತ್ತದೆ.

ಅಡುಗೆ ಚಾನೆಲ್, ಮದ್ದೂರು: ನಾನು ಹತ್ತು ಉತ್ತರ ಬರೆದು ನೋಟ್ಸ್‌ನಲ್ಲಿ ಇಟ್ಟಿದ್ದೀನಿ. ಒಂದೊಂದು ಸಲ ಒಂದೊಂದು ಹಾಕ್ತೀನಿ. ದಿನಕ್ಕೆ 60 ಕಾಮೆಂಟ್ ಬಂದರೆ ಕೂತು ಬರೆಯೋಕೆ ಆಗುತ್ತಾ?

ಆಪ್ತ ಸಮಾಲೋಚಕಿ: ಆಗಲ್ಲ, ಒಪ್ತೀನಿ. ಆದರೆ ಒಂದೇ ವಿಡಿಯೋ ಕೆಳಗೆ ಇಬ್ಬರು ಗಂಡನ್ನ ಕಳಕೊಂಡವರಿಗೆ ಒಂದೇ ಸಾಲು ಹೋದರೆ ಇಬ್ಬರೂ ಓದ್ತಾರೆ. ನಾನೇ ನೋಡಿದ್ದೀನಿ. ಒಬ್ಬರು ತಮ್ಮ ಕಾಮೆಂಟನ್ನೇ ಅಳಿಸಿಬಿಟ್ಟರು. ಬರೆದಿಟ್ಟ ಸಾಲನ್ನು ಕೊನೆಗೆ ಬಳಸಿ. ಮೊದಲ ಸಾಲು ಮಾತ್ರ ಅವರ ಕಾಮೆಂಟಿನಿಂದಲೇ ಬರಲಿ. ಪಾಕವಿಧಾನ ಕೇಳಿದವರು ಒಂದು ದಿನ ಕಾಯಬಹುದು ಅಲ್ವಾ? ಸಾವಿನ ಕಾಮೆಂಟುಗಳನ್ನು ಮೊದಲು ಮುಗಿಸಿ.

ಒಬ್ಬ ಸದಸ್ಯ, ಮೈಸೂರು: ನನಗೂ ಇದೇ ಸಮಸ್ಯೆ. ಕಾಮೆಂಟ್‌ಗೆಲ್ಲ ಉತ್ತರ ಕೊಟ್ಟರೂ ವ್ಯೂಸ್ ಏರ್ತಾ ಇಲ್ಲ. ಬೇಗ ರಿಪ್ಲೈ ಮಾಡಿದರೆ ರೀಚ್ ಜಾಸ್ತಿ ಆಗುತ್ತೆ ಅಂತಾರೆ, ನಿಜವಾ?

ಅಡುಗೆ ಚಾನೆಲ್: ಅಣ್ಣ, ಪ್ರಶ್ನೆ ಅದಲ್ಲ.

ಪ್ರಶ್ನೆ ಕೇಳಿದವರು: ಮೇಡಂ, ಪ್ರಾರ್ಥನೆ ಕೇಳಿದವರಿಗೆ? ‘ಖಂಡಿತ ಗುಣ ಆಗ್ತಾಳೆ, ನಿಮಿಷಾಂಬ ಗುಡಿಯಲ್ಲಿ ಪೂಜೆ ಮಾಡಿಸ್ತೀನಿ’ ಅಂತ ಬರೀಬೇಕು ಅಂದ್ಕೊಂಡೆ.

ಆಪ್ತ ಸಮಾಲೋಚಕಿ: ಗಂಜಾಂನ ಆ ಗುಡಿಗೆ ನಿಜವಾಗಿ ಹೋಗ್ತೀರಾ? ಹೋಗೋದಾದರೆ ಹೋಗಿ ಬಂದ ಮೇಲೆ ಬರೆಯಿರಿ. ಇಲ್ಲದಿದ್ದರೆ ಮಾಡಿದ್ದನ್ನಷ್ಟೇ ಹೇಳಿ: ‘ಇವತ್ತು ಸಂಜೆ ದೀಪ ಹಚ್ಚುವಾಗ ನಿಮ್ಮ ಮಗಳನ್ನ ನೆನೆದೆವು.’ ಅದನ್ನು ಬರೆಯೋ ಮುಂಚೆ ದೀಪ ಹಚ್ಚಿರಬೇಕು, ಅಷ್ಟೇ.

‘ಖಂಡಿತ’ ಅನ್ನೋ ಪದ ತೆಗೆಯಿರಿ. ಆಪರೇಷನ್ ಕೈಕೊಟ್ಟರೆ ಆ ತಾಯಿ ವಾಪಸ್ ಬಂದು ಓದೋದು ಅದೇ ಪದವನ್ನು. ‘ಆಪರೇಷನ್ ಚೆನ್ನಾಗಿ ಆಗಲಿ, ಆ ದಿನ ನಿಮ್ಮ ಜೊತೆ ಯಾರಾದರೂ ಇರಲಿ’ ಅನ್ನಬಹುದು. ಕಾಮೆಂಟ್ ಬರೆದವರು ಮುಸ್ಲಿಮರೋ ಕ್ರೈಸ್ತರೋ ಗೊತ್ತಿರಲ್ಲ. ಅವರು ‘ದುವಾ’ ಅಂದಿದ್ದರೆ ನೀವೂ ದುವಾ ಅನ್ನಿ. ದೇವರ ಹೆಸರೇ ಎತ್ತಿಲ್ಲದಿದ್ದರೆ ‘ನೆನೆದೆವು’ ಅನ್ನೋದು ಸಾಕು.

ಹೆಸರು, ನಕ್ಷತ್ರ, ಆಸ್ಪತ್ರೆ ಕೇಳಲೇಬೇಡಿ. ಪ್ರಾರ್ಥನೆ ಕೇಳಿದವರ ಹಿಂದೆ ಮೋಸಗಾರರು ಬರ್ತಾರೆ. ನಿಮ್ಮ ಚಾನೆಲ್ ಹೆಸರು, ಫೋಟೋ ಎರಡನ್ನೂ ಕದ್ದು ಖಾತೆ ತೆರೆದು, ‘ಅಮ್ಮನವರ ವಿಶೇಷ ಪೂಜೆಗೆ 501 ರೂಪಾಯಿ, ಈ ವಾಟ್ಸಾಪ್‌ಗೆ ಕಳಿಸಿ’ ಅಂತ ನಿಮ್ಮ ಉತ್ತರದ ಕೆಳಗೇ ಹಾಕ್ತಾರೆ. ಅಸಲಿ ಚಾನೆಲ್ ಉತ್ತರ ಕೊಟ್ಟಾಗ ಹೆಸರಿನ ಹಿಂದೆ ಬೇರೆ ಬಣ್ಣದ ಪಟ್ಟಿ ಇರುತ್ತದೆ, ನಕಲಿಗೆ ಇರಲ್ಲ. ಆದರೆ ಆಸ್ಪತ್ರೆ ವರಾಂಡದಲ್ಲಿ ಕೂತ ತಾಯಿ ಪಟ್ಟಿ ನೋಡ್ತಾಳಾ? ಅದಕ್ಕೇ ‘ನಾವು ಪೂಜೆಗೆ ಹಣ ಕೇಳಲ್ಲ, ಫೋನ್ ನಂಬರ್ ಕೊಡಲ್ಲ’ ಅಂತ ನೀವೇ ಒಂದು ಕಾಮೆಂಟ್ ಬರೆದು ಪಿನ್ ಮಾಡಿ. ಯೂಟ್ಯೂಬ್ ಸ್ಟುಡಿಯೋ ಸೆಟ್ಟಿಂಗ್ಸ್‌ನಲ್ಲಿ ತಡೆಯೋ ಪದಗಳ ಪಟ್ಟಿ ಇದೆ. ‘ವಾಟ್ಸಾಪ್’ ಅನ್ನೋದನ್ನ ಕನ್ನಡದಲ್ಲೂ ಇಂಗ್ಲಿಷಲ್ಲೂ ಅದಕ್ಕೆ ಸೇರಿಸಿ. ಎಲ್ಲವೂ ನಿಲ್ಲಲ್ಲ. ಅಕ್ಷರದ ಮಧ್ಯೆ ಚುಕ್ಕಿ ಹಾಕಿ ನುಸುಳೋರು ಇದ್ದಾರೆ.

ನಿವೃತ್ತ ಮೇಷ್ಟ್ರು, ಪಾಂಡವಪುರ: ಹಾರ್ಟ್ ಒತ್ತಿದರೆ ಸಾಲದೇನಮ್ಮ? ನನ್ನ ಹೆಂಡತಿ ತೀರಿಕೊಂಡಾಗ ಒಂದು ಚಾನೆಲ್‌ನಲ್ಲಿ ಬರೆದಿದ್ದೆ. ಅವರು ಹಾರ್ಟ್ ಕೊಟ್ಟರು. ಯಾರೋ ಓದಿದರಲ್ಲ ಅಂತ ನನಗೆ ಸಮಾಧಾನವೇ ಆಯ್ತು.

ಅಡುಗೆ ಚಾನೆಲ್: ನನ್ನ ತಮ್ಮ ಹೋದಾಗ ಹಾಗೇ ಹಾರ್ಟ್ ಬಂತು ಸರ್. ಸಾವನ್ನ ಇಷ್ಟಪಟ್ಟ ಹಾಗೆ ಅನ್ನಿಸಿ ಮೈ ಉರಿದುಹೋಯ್ತು.

ಆಪ್ತ ಸಮಾಲೋಚಕಿ: ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ ಇಲ್ಲ ಸರ್. ನಾನು ಮೊದಲು ಎರಡು ಮಾತು ಬರೆದು, ಆಮೇಲೆ ಬೇಕಾದರೆ ಒತ್ತುತ್ತೀನಿ.

ಇನ್ನೊಂದು ಥರದ ಕಾಮೆಂಟ್ ಇದೆ, ಅದನ್ನು ಮಾತ್ರ ನಾಳೆಗೆ ಇಡಬೇಡಿ. ‘ನಾನೂ ಅವರ ಹಿಂದೆಯೇ ಹೋಗ್ತೀನಿ’ ಅಂತ ಬರೀತಾರೆ. ದುಃಖದಲ್ಲಿ ಬಂದ ಮಾತೂ ಇರಬಹುದು, ನಿಜವೂ ಇರಬಹುದು. ಓದಿ ಹೇಳೋಕೆ ಆಗಲ್ಲ. ಹಾಗಾಗಿ ನೇರವಾಗಿ ಕೇಳಿ: ‘ಅಕ್ಕ, ಪ್ರಾಣ ಕಳಕೊಳ್ಳೋ ಯೋಚನೆ ಬರ್ತಾ ಇದೆಯಾ? ಈಗ ಹತ್ತಿರ ಯಾರಿದ್ದಾರೆ? 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರ್ತಾರೆ.’ ಕೇಳಿದರೆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅನ್ನೋ ಭಯ ಬೇಡ. ಈಗಲೇ ಏನೋ ಮಾಡಿಕೊಳ್ತಿದ್ದಾರೆ ಅನ್ನಿಸಿದರೆ 112ಕ್ಕೆ ಫೋನ್ ಮಾಡೋಕೆ ಹೇಳಿ. ಅವರ ಊರೂ ಗೊತ್ತಿಲ್ಲದ ನೀವು ಮನೆ ಬಾಗಿಲಿಗೆ ಹೋಗೋಕಾಗಲ್ಲ. ಆ ಕಾಮೆಂಟ್ ಪಿನ್ ಮಾಡಬೇಡಿ, ಸ್ಕ್ರೀನ್‌ಶಾಟ್ ಎಲ್ಲೂ ಹಾಕಬೇಡಿ.

ಅಡುಗೆ ಚಾನೆಲ್: ಎಷ್ಟು ದಿನ ಮಾತಾಡ್ತಾ ಇರಬೇಕು? ಒಬ್ಬರು ದಿನಾ ಬರೀತಾರೆ.

ಆಪ್ತ ಸಮಾಲೋಚಕಿ: ದಿನಾ ಉತ್ತರ ಕೊಡಬೇಕಿಲ್ಲ. ‘ಭಾನುವಾರ ಭಾನುವಾರ ಕಾಮೆಂಟ್ ಓದ್ತೀನಿ’ ಅಂತ ಹೇಳಿಬಿಡಿ, ಹೇಳಿದ ಹಾಗೆ ಓದಿ. ಮಹಾಲಯ ಅಮಾವಾಸ್ಯೆ ಸುತ್ತ, ಎಡೆ ಇಡೋ ದಿನಗಳಲ್ಲಿ, ಹಳೆ ವಿಡಿಯೋಗಳ ಕೆಳಗೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು (ಎರಡು ದಿನದ ನಂತರ): ಅಳಿಸಿ ಹೊಸದಾಗಿ ಬರೆದೆ. ಅಮ್ಮನಿಗೆ ಓದಿ ಹೇಳಿದೆ, ಅವರು ಏನೂ ಅನ್ನಲಿಲ್ಲ, ಒಳಗೆ ಹೋದರು. ಅದನ್ನೇ ಬರೆದೆ. ಇವತ್ತು ಆ ಅಕ್ಕನಿಂದ ಉತ್ತರ ಬಂತು: ‘ಹಸು ಮಾರಿಬಿಟ್ಟೆವು ಮಗ.’ ಅಷ್ಟೇ. ಇದಕ್ಕೆ ಏನು ಬರೆಯೋದು ಮೇಡಂ?

ಆಪ್ತ ಸಮಾಲೋಚಕಿ: ಹಸುವಿನ ಹೆಸರೇನಿತ್ತು ಅಂತ ಕೇಳಿ.