ಪೋಸ್ಟ್‌ಡಾಕ್ ಹುಡುಕಾಟ: ದುಡ್ಡು ಬಂದ ಲ್ಯಾಬ್ ಯಾವುದು ಅಂತ ಮೊದಲೇ ತಿಳಿಯುವುದು ಹೇಗೆ?

ವೀಣಾ ಕೇಳಿದ್ದು: ಎಂಟು ತಿಂಗಳಲ್ಲಿ ಪಿಎಚ್‌ಡಿ ಥೀಸಿಸ್ ಸಲ್ಲಿಸುತ್ತೇನೆ, ಆಮೇಲೆ ಪೋಸ್ಟ್‌ಡಾಕ್ ಆಗಿ ಸೇರಲು ಲ್ಯಾಬ್ ಹುಡುಕುತ್ತಿದ್ದೇನೆ. ಸಿಹಿನೀರಿನ ಮೀನುಗಳ ಪಾಪ್ಯುಲೇಶನ್ ಜೀನೋಮಿಕ್ಸ್ ನನ್ನ ವಿಷಯ. ದೊಡ್ಡ ಜಾಬ್ ಸೈಟುಗಳಲ್ಲಿ ಕಂಡದ್ದಕ್ಕೆಲ್ಲ ಅರ್ಜಿ ಹಾಕಿದೆ. ನಲವತ್ತು ಜನ ಪ್ರೊಫೆಸರುಗಳಿಗೆ ಮೇಲ್ ಕೂಡ ಕಳಿಸಿದೆ. ಮೂವರು ಉತ್ತರ ಬರೆದರು, ಮೂವರೂ "ಈಗ ದುಡ್ಡಿಲ್ಲ" ಅಂದರು. ನಿಮಗೆಲ್ಲ ಪೋಸ್ಟ್‌ಡಾಕ್ ಹೇಗೆ ಸಿಕ್ಕಿತು?

ರಾಘವೇಂದ್ರ: ನಾನು ಎರಡು ಪೋಸ್ಟ್‌ಡಾಕ್ ಮುಗಿಸಿದ್ದೇನೆ. ಈಗ ಸಣ್ಣದೊಂದು ಗುಂಪು ನಡೆಸುತ್ತಿದ್ದೇನೆ, ಅರ್ಜಿಗಳನ್ನು ಓದುವ ಕಡೆಗೂ ಕೂತಿದ್ದೇನೆ. "ದುಡ್ಡಿಲ್ಲ" ಅನ್ನುವುದು ಹೆಚ್ಚಿನ ಸಲ ನಿಜವಾದ ಮಾತೇ. ಹಾಗಾಗಿ ಹುಡುಕಾಟದ ದಿಕ್ಕು ತಿರುಗಿಸಿ. ಯಾರಿಗೆ ಈಗಷ್ಟೇ ದುಡ್ಡು ಬಂದಿದೆ ಅಂತ ಮೊದಲು ನೋಡಿ, ಆಮೇಲೆ ಮೇಲ್ ಬರೆಯಿರಿ.

ಇದು ಗುಟ್ಟೇನಲ್ಲ. ಯುರೋಪಿಯನ್ ಯೂನಿಯನ್ ದುಡ್ಡು ಕೊಟ್ಟ ಯೋಜನೆಗಳು CORDIS ಅನ್ನುವ ತಾಣದಲ್ಲಿವೆ. ಜರ್ಮನಿಯಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಡಿಎಫ್‌ಜಿಗೆ GEPRIS ಇದೆ, ಬ್ರಿಟನ್ನಿಗೆ Gateway to Research. ಅಮೆರಿಕದಲ್ಲಿ ಅಂಥದೇ ಸಂಸ್ಥೆಗಳಾದ ಎನ್‌ಐಎಚ್‌ಗೆ RePORTER, ಎನ್‌ಎಸ್‌ಎಫ್‌ಗೆ Award Search. ಎಲ್ಲವೂ ಉಚಿತ. ನಿಮ್ಮ ವಿಷಯ ಹುಡುಕಲು ಮೊದಲು ಇಷ್ಟು ಹಾಕಿದರೆ ಸಾಕು:

```
"population genomics" freshwater
```

ಬಂದ ಪಟ್ಟಿಯಲ್ಲಿ ಶೀರ್ಷಿಕೆಗಿಂತ ಮುಂಚೆ ಶುರುವಾದ ತಾರೀಖು, ಮುಗಿಯುವ ತಾರೀಖು ನೋಡಿ. ಒಂದು ಉದಾಹರಣೆ ಹೇಳುತ್ತೇನೆ. ಯುರೋಪಿಯನ್ ರಿಸರ್ಚ್ ಕೌನ್ಸಿಲ್, ಅಂದರೆ ಇಆರ್‌ಸಿ ಕೊಡುವ ಸ್ಟಾರ್ಟಿಂಗ್ ಗ್ರಾಂಟ್ ಐದು ವರ್ಷದ್ದು, ಫಲಿತಾಂಶ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಗೆದ್ದವರ ಹೆಸರು, ಸಂಸ್ಥೆ, ಯೋಜನೆಯ ಶೀರ್ಷಿಕೆ ಎಲ್ಲ ಆ ಪಟ್ಟಿಯಲ್ಲೇ ಇರುತ್ತವೆ. ಆದರೆ ಒಪ್ಪಂದಕ್ಕೆ ಸಹಿ ಬಿದ್ದು ಕೆಲಸ ಶುರುವಾಗಲು ತಿಂಗಳುಗಳೇ ಹಿಡಿಯುತ್ತವೆ. 2025ರ ಸೆಪ್ಟೆಂಬರಿನಲ್ಲಿ ಹೆಸರು ಬಂದು 2026ರ ಮಾರ್ಚಿನಲ್ಲಿ ಯೋಜನೆ ಶುರುವಾಯಿತು ಅನ್ನೋಣ. ಅದು 2031ರ ಫೆಬ್ರವರಿವರೆಗೆ ನಡೆಯುತ್ತದೆ. ಮೊದಲ ವರ್ಷದಲ್ಲೇ ಜನ ಬೇಕು. ಹಾಗೆ ಬಂದ ಪೋಸ್ಟ್‌ಡಾಕ್ ಎರಡು ಮೂರು ವರ್ಷ ಇದ್ದು ಹೋದರೆ, 2028ರ ಸುಮಾರಿಗೆ ಇನ್ನೊಮ್ಮೆ ಜಾಗ ತೆರೆಯಬಹುದು. 2030ರಲ್ಲಿ ನೀವು ಕೇಳಿದರೆ ಎಷ್ಟೇ ಇಷ್ಟವಾದರೂ ಅವರ ಕೈಯಲ್ಲಿ ಒಂದು ವರ್ಷದ ಸಂಬಳ ಮಾತ್ರ ಇರುತ್ತದೆ.

ಅಂದರೆ ಪಟ್ಟಿ ಬಂದ ಮೇಲೆ, ಜಾಹೀರಾತು ಬರುವ ಮೊದಲು, ನಾಲ್ಕೈದು ತಿಂಗಳ ಸಂದು ಸಿಗುತ್ತದೆ. ಮೇಲ್ ಬರೆಯಲು ಅದೇ ಒಳ್ಳೆಯ ಹೊತ್ತು. ಎನ್‌ಎಸ್‌ಎಫ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಯೋಜನೆಯ ಸಾರಾಂಶದಲ್ಲೇ ಒಬ್ಬ ಪೋಸ್ಟ್‌ಡಾಕ್‌ಗೆ, ಇಬ್ಬರು ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತೇವೆ ಅಂತ ಎಷ್ಟೋ ಜನ ಬರೆದಿರುತ್ತಾರೆ. ಆ ಸಾಲು ಕಂಡರೆ ಜಾಗಕ್ಕೆ ದುಡ್ಡು ಎತ್ತಿಟ್ಟಿದ್ದಾರೆ ಅಂತ ತಿಳಿಯಬಹುದು.

ಫಾತಿಮಾ: ರಾಘವೇಂದ್ರ ಸರ್ ಹೇಳಿದ ದಾರಿಯಲ್ಲೇ ನನಗೆ ಕೆಲಸ ಸಿಕ್ಕಿತು. ಆದರೆ ಗ್ರಾಂಟ್ ಪಟ್ಟಿಯಿಂದ ನೇರ ಮೇಲ್‌ಗೆ ಹಾರಬೇಡಿ, ನಡುವೆ ಲ್ಯಾಬಿನ ಪುಟ ಓದಬೇಕು. ಅಲ್ಲಿ "ಆಸಕ್ತರಿಗೆ ಸದಾ ಸ್ವಾಗತ" ಅಂತ ಇದ್ದರೆ ಅದನ್ನು ಜಾಗ ಖಾಲಿ ಇದೆ ಅಂತ ತಿಳಿಯಬೇಡಿ. ಹೆಚ್ಚಾಗಿ ಅದರ ಅರ್ಥ, ನಿಮ್ಮದೇ ಫೆಲೋಶಿಪ್ ತನ್ನಿ ಅಂತ. "ಈಗ ಜಾಗ ಇಲ್ಲ" ಅನ್ನುವ ಸಾಲನ್ನೂ ಪೂರ್ತಿ ನಂಬಬೇಡಿ, ಎರಡು ವರ್ಷದಿಂದ ಯಾರೂ ಅದನ್ನು ಮುಟ್ಟದೇ ಇರಬಹುದು. ಸುದ್ದಿಯ ಭಾಗದಲ್ಲಿ ಕೊನೆಯ ತಾರೀಖು ಯಾವುದು ನೋಡಿ.

ನಾನು ಹೆಚ್ಚು ಹೊತ್ತು ಓದುತ್ತಿದ್ದದ್ದು ಜನರ ಪಟ್ಟಿಯನ್ನು. ಒಂದು ಲ್ಯಾಬಿಗೆ ಹೊಸ ಗ್ರಾಂಟ್ ಬಂದಿತ್ತು. ಪುಟದಲ್ಲಿ ಇಬ್ಬರು ಪೋಸ್ಟ್‌ಡಾಕ್ ಇದ್ದರು. ಅವರಲ್ಲಿ ಡೇಟಾ ವಿಶ್ಲೇಷಣೆ ಮಾಡುತ್ತಿದ್ದವರು ಆ ತಿಂಗಳೇ ಹಳಬರ ಪಟ್ಟಿಗೆ ಸೇರಿದ್ದರು. ಹೊಸ ಯೋಜನೆಯ ಸಾರಾಂಶ ಓದಿದರೆ ಅದರಲ್ಲಿ ಅರ್ಧ ವಿಶ್ಲೇಷಣೆಯೇ. ಯಾವ ಜಾಗ ಖಾಲಿ ಅಂತ ಕಂಡಿತು, ಅಲ್ವಾ? ಡಿಸೆಂಬರಿನಲ್ಲಿ ಮೇಲ್ ಬರೆದೆ. "ಏಪ್ರಿಲ್‌ನಲ್ಲಿ ಜಾಹೀರಾತು ಹಾಕುತ್ತೇವೆ, ಅದಕ್ಕೆ ಮೊದಲು ಒಮ್ಮೆ ಮಾತಾಡೋಣ" ಅಂತ ಉತ್ತರ ಬಂತು. ಏಪ್ರಿಲ್‌ನಲ್ಲಿ ಜಾಹೀರಾತು ಬಂತು, ಅರ್ಜಿಗೆ ಮೂರೇ ವಾರ ಕೊಟ್ಟಿದ್ದರು. ಎಲ್ಲರ ಹಾಗೆ ನಾನೂ ಅರ್ಜಿ ಹಾಕಿದೆ, ಸಂದರ್ಶನಕ್ಕೂ ಹೋದೆ. ಮುಂಚೆ ಮಾತಾಡಿದ್ದಕ್ಕೆ ಕೆಲಸ ಕೊಡಲಿಲ್ಲ. ಆದರೆ ಅವರಿಗೆ ಏನು ಬೇಕು ಅಂತ ಸರಿಯಾಗಿ ಗೊತ್ತಿದ್ದದ್ದು ನನ್ನ ಅರ್ಜಿಯಲ್ಲಿ ಕಾಣುತ್ತಿತ್ತು.

ಇದಕ್ಕೆ ಮೊದಲು ನಾನೂ ನಿಮ್ಮ ಹಾಗೆ ರಾಶಿ ಮೇಲ್ ಕಳಿಸಿದ್ದೆ. ಒಬ್ಬರಿಗೆ ಅವರ ಹತ್ತು ವರ್ಷ ಹಳೆಯ ಪೇಪರನ್ನು ಹೊಗಳಿ ಬರೆದೆ. ಆ ಕೆಲಸ ಬಿಟ್ಟು ತುಂಬ ಕಾಲ ಆಯಿತು ಅಂತ ಒಂದು ಸಾಲಿನ ಉತ್ತರ ಬಂತು. ಪುಟ ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ತುಂಬಾ ಬೇಜಾರಾಗಿತ್ತು.

ಶಶಿಧರ: ಇಷ್ಟೆಲ್ಲ ಯಾಕೆ? ಯುರೋಪಿಯನ್ ಯೂನಿಯನ್ ಕೊಡುವ ಮೇರಿ ಕ್ಯೂರಿ ಫೆಲೋಶಿಪ್‌ಗೆ ನೀವೇ ಅರ್ಜಿ ಹಾಕಿ. ಯಾವ ದೇಶದವರಾದರೂ ಹಾಕಬಹುದು, ಸಂಬಳ ಚೆನ್ನಾಗಿದೆ. ಕೊನೆ ದಿನ ಸೆಪ್ಟೆಂಬರ್ ಹೊತ್ತಿಗೆ. ಆಗಸ್ಟ್‌ನಲ್ಲಿ ಒಬ್ಬ ಪ್ರೊಫೆಸರ್ ಹತ್ತಿರ ನಿಮ್ಮ ಲ್ಯಾಬಿಗೆ ಬರುತ್ತೇನೆ ಅಂತ ಕೇಳಿಕೊಂಡರೆ ಸಾಕು. ಥೀಸಿಸ್ ನಡೆಯುತ್ತಿದ್ದರೂ ಪರವಾಗಿಲ್ಲ.

ರಾಘವೇಂದ್ರ: ಶಶಿಧರ ಅವರೇ, ಯಾವ ದೇಶದವರಾದರೂ ಹಾಕಬಹುದು ಅನ್ನುವುದು ಸರಿ. ಆದರೆ ಥೀಸಿಸ್, ಆಗಸ್ಟ್ ಬಗ್ಗೆ ಹೇಳಿದ ಎರಡು ಮಾತು ನಂಬಿದರೆ ಒಂದು ವರ್ಷ ಹೋಗುತ್ತದೆ. ಕೊನೆ ದಿನಕ್ಕೆ ಪಿಎಚ್‌ಡಿ ಆಗಿರಬೇಕು, ನಡೆಯುತ್ತಿದ್ದರೆ ಸಾಲದು. ಆ ದಿನದ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಆತಿಥ್ಯ ಕೊಡುವ ದೇಶದಲ್ಲಿ ಇದ್ದಿರಬಾರದು ಅನ್ನುವ ನಿಯಮವೂ ಇದೆ. ವೀಣಾ ಅವರೇ, ಎಂಟು ತಿಂಗಳಿಗೆ ಸಲ್ಲಿಸಿದರೆ ಮೌಖಿಕ ಪರೀಕ್ಷೆ ಯಾವಾಗ ಬೀಳುತ್ತದೆ ಅಂತ ಲೆಕ್ಕ ಹಾಕಿ, ಆಮೇಲೆ ಯಾವ ವರ್ಷದ ಕರೆ ಅಂತ ತೀರ್ಮಾನಿಸಿ.

ಆಗಸ್ಟ್ ತೀರಾ ತಡ. ಎಷ್ಟೋ ವಿಶ್ವವಿದ್ಯಾಲಯಗಳು ವರ್ಷದ ಮೊದಲರ್ಧದಲ್ಲೇ "ನಮ್ಮಲ್ಲಿಗೆ ಬರಲು ಆಸಕ್ತಿ ಇದ್ದವರು ಬರೆಯಿರಿ" ಅಂತ ಬೇರೆ ಕರೆ ಕೊಡುತ್ತವೆ. ಅಲ್ಲಿ ಆಯ್ಕೆಯಾದವರಿಗೆ ಪ್ರಸ್ತಾವ ಬರೆಯುವ ತರಬೇತಿಯನ್ನೂ ಕೊಡುತ್ತವೆ. ಇದರ ಕೊನೆ ದಿನ ಮುಖ್ಯ ಕರೆಯ ಪುಟದಲ್ಲಿ ಕಾಣುವುದಿಲ್ಲ. ಆಯಾ ವಿಶ್ವವಿದ್ಯಾಲಯದ ಪುಟದಲ್ಲೇ ಹುಡುಕಬೇಕು.

ಇನ್ನೊಂದು ಮಾತು. 2024ರಲ್ಲಿ ಈ ಫೆಲೋಶಿಪ್‌ಗೆ 10,360 ಅರ್ಜಿ ಬಂದು ಸುಮಾರು 1,700 ಜನರಿಗೆ ಸಿಕ್ಕಿತು. 2025ರಲ್ಲಿ ಅರ್ಜಿಗಳೇ 17,058. ಹಾಕಿ, ಖಂಡಿತ ಹಾಕಿ. ಇದೊಂದನ್ನೇ ನಂಬಿ ಕೂರಬೇಡಿ.

ಮಂಜುನಾಥ: ನನ್ನದು ಕ್ರಿಸ್ಟಲೋಗ್ರಫಿ, ವೀಣಾ ಅವರ ವಿಷಯ ನನಗೆ ಗೊತ್ತಿಲ್ಲ. ನಮ್ಮಲ್ಲಿ CCP4BB ಅಂತ ಒಂದು ಮೇಲಿಂಗ್ ಲಿಸ್ಟ್ ಇದೆ. ಅದರಲ್ಲಿ ಸಾಫ್ಟ್‌ವೇರ್, ಡೇಟಾ ಬಗ್ಗೆ ಪ್ರಶ್ನೆಗಳೇ ಜಾಸ್ತಿ, ನಡುವೆ ಕೆಲಸದ ಜಾಹೀರಾತುಗಳೂ ಬರುತ್ತವೆ. ಒಮ್ಮೆ ಯಾರೋ ಡೇಟಾದ ಒಂದು ತೊಡಕಿನ ಬಗ್ಗೆ ಕೇಳಿದ್ದರು. ನನಗೆ ಅದೇ ತೊಂದರೆ ಬಂದಿತ್ತು, ಹಾಗಾಗಿ ಬಿಡಿಸಿ ಬರೆದೆ. ಆರು ತಿಂಗಳಾದ ಮೇಲೆ ನಾನು ಅರ್ಜಿ ಹಾಕಿದ ಲ್ಯಾಬಿನವರು ಆ ಉತ್ತರ ಓದಿದ್ದೆವು ಅಂದರು. ಆದ್ದರಿಂದ ಲಿಸ್ಟಿಗೆ ಸೇರಿ ಸುಮ್ನೆ ಇರಬೇಡಿ, ಬರೆಯಿರಿ.

ಫಾತಿಮಾ: ಮಂಜುನಾಥ್ ಅವರೇ, ನಮ್ಮ ಕಡೆ ಲಿಸ್ಟ್ ಬೇರೆ ಥರ. ವಿಕಾಸ ಜೀವಶಾಸ್ತ್ರಕ್ಕೆ EvolDir, ಪರಿಸರ ವಿಜ್ಞಾನಕ್ಕೆ ECOLOG-L. EvolDirನಲ್ಲಿ ಚರ್ಚೆಗಿಂತ ಪ್ರಕಟಣೆಗಳೇ ಮುಖ್ಯ. ವೀಣಾ ಅವರೇ, ಎರಡಕ್ಕೂ ಇವತ್ತೇ ಸೇರಿ. ಮೇಲ್ ತುಂಬ ಬರುತ್ತದೆ, ಫಿಲ್ಟರ್ ಹಾಕಬೇಕಾಗುತ್ತದೆ. ಅಲ್ಲಿ ನಾನು ಒಂದು ತಪ್ಪು ಮಾಡಿದೆ. "population genomics", "postdoc" ಎರಡೂ ಇದ್ದರೆ ಮಾತ್ರ ಉಳಿಸು ಅಂತ ಹಾಕಿದ್ದೆ. ನನಗೇ ಸರಿಹೊಂದುವ ಎರಡು ಜಾಗ ಕೈತಪ್ಪಿದವು. ಒಂದರಲ್ಲಿ ವಿಷಯವನ್ನು "speciation" ಅಂತ ಬರೆದಿದ್ದರು. ಇನ್ನೊಂದರಲ್ಲಿ "postdoc" ಅನ್ನುವ ಪದವೇ ಇರಲಿಲ್ಲ. ಈಗ ನನ್ನ ಫಿಲ್ಟರ್ ಹೀಗಿದೆ, ಉಳಿದದ್ದನ್ನು ವಾರಕ್ಕೊಮ್ಮೆ ಕಣ್ಣಾಡಿಸುತ್ತೇನೆ:

```
subject:(postdoc OR postdoctoral OR "research associate" OR "research fellow")
```

ಬ್ರಿಟನ್ನಿನ ಜಾಹೀರಾತಿನಲ್ಲಿ ರಿಸರ್ಚ್ ಅಸೋಸಿಯೇಟ್ ಅಂದರೆ ಹೆಚ್ಚಾಗಿ ಪೋಸ್ಟ್‌ಡಾಕೇ. ಜರ್ಮನಿಯದ್ದರಲ್ಲಿ "Wissenschaftliche/r Mitarbeiter/in" ಅಂತ ಇರುತ್ತದೆ. ಪಿಎಚ್‌ಡಿ ಜಾಗಕ್ಕೂ ಅದೇ ಹೆಸರು. ಸಂಬಳದ ಸಾಲಿನಲ್ಲಿ E13 ಅನ್ನುವ ದರ್ಜೆಯ ಜೊತೆ 100% ಅಂತ ಇದ್ದರೆ ಪೋಸ್ಟ್‌ಡಾಕ್ ಇರಬಹುದು, 65% ಇದ್ದರೆ ಬಹುತೇಕ ಪಿಎಚ್‌ಡಿ. ಕೆಲವು ಕಡೆ ಪಿಎಚ್‌ಡಿಗೂ ಪೂರ್ತಿ ಕೊಡುತ್ತಾರೆ, ಹಾಗಾಗಿ ಅರ್ಹತೆಯ ಸಾಲನ್ನೂ ಓದಿ.

ಶಶಿಧರ: ಪಿಎಚ್‌ಡಿ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಈಗ ನಿಯಮ ಓದಿದೆ. ಆದರೆ ಜಾಹೀರಾತು ಇಲ್ಲದೆ ಮೇಲ್ ಬರೆಯುವುದು ನನಗೆ ಇನ್ನೂ ಸರಿ ಅನ್ನಿಸುವುದಿಲ್ಲ. ನಮ್ಮ ಪ್ರೊಫೆಸರ್ ಅಂಥ ಮೇಲ್‌ಗಳನ್ನು ತೆರೆಯುವುದೇ ಇಲ್ಲ.

ರಾಘವೇಂದ್ರ: ಹಾಗಿರುವವರು ಇದ್ದಾರೆ, ಒಪ್ಪುತ್ತೇನೆ. ನಾನು ತೆರೆಯುತ್ತೇನೆ, ಆದರೆ ಮೊದಲ ಎರಡು ಸಾಲಿನಲ್ಲಿ ನನ್ನ ಯೋಜನೆಯ ಹೆಸರು ಕಾಣಬೇಕು. "ನಿಮ್ಮ ಹೊಸ ಯೋಜನೆಯ ಎರಡನೇ ಗುರಿಗೆ ಕಡಿಮೆ ಕವರೇಜ್‌ನ ಸೀಕ್ವೆನ್ಸ್ ಡೇಟಾ ಬೇಕಾಗುತ್ತದೆ. ನಾನು 300 ಮೀನುಗಳ ಅಂಥ ಡೇಟಾ ವಿಶ್ಲೇಷಿಸಿದ್ದೇನೆ. ಅಕ್ಟೋಬರಿನಿಂದ ಬರಬಲ್ಲೆ. ಜಾಗ ತೆರೆಯುವ ಯೋಚನೆ ಇದೆಯೇ?" ಇಷ್ಟೇ ಇದ್ದರೂ ಉತ್ತರ ಬರೆಯುತ್ತೇನೆ. ಜೊತೆಗೆ ಎರಡು ಪುಟದ ಸಿವಿ ಒಂದೇ ಪಿಡಿಎಫ್‌ನಲ್ಲಿ ಇರಲಿ. ಥೀಸಿಸ್ ಕಳಿಸಬೇಡಿ.

ವೀಣಾ: ಎಲ್ಲರಿಗೂ ಥ್ಯಾಂಕ್ಸ್. ಈ ವಾರ ಕೂತು ಹುಡುಕಿದೆ. ನನ್ನ ವಿಷಯಕ್ಕೆ ಹತ್ತಿರದ ಹನ್ನೊಂದು ಯೋಜನೆ ಸಿಕ್ಕಿವೆ. ನಾಲ್ಕು ಈ ವರ್ಷ ಶುರುವಾದವು. ಐದಕ್ಕೆ ಒಂದೂವರೆ ವರ್ಷಕ್ಕಿಂತ ಕಡಿಮೆ ಉಳಿದಿದೆ, ಅವನ್ನು ಬಿಟ್ಟೆ. ನಾನು ಮೊದಲು ಮೇಲ್ ಕಳಿಸಿದ ನಲವತ್ತು ಜನರಲ್ಲಿ ಈ ನಾಲ್ವರು ಒಬ್ಬರೂ ಇರಲಿಲ್ಲ! ಒಂದು ಅನುಮಾನ. ನಾಲ್ಕರಲ್ಲಿ ಒಂದು ಇಆರ್‌ಸಿ ಗ್ರಾಂಟ್. ಪಟ್ಟಿಯಲ್ಲಿ ಒಂದು ಸಂಸ್ಥೆ ಇದೆ, ಆದರೆ ಅಲ್ಲಿನ ಲ್ಯಾಬಿನ ಪುಟವೇ ತೆರೆಯುತ್ತಿಲ್ಲ. ಬಿಟ್ಟುಬಿಡಲೇ?

ರಾಘವೇಂದ್ರ: ಬಿಡಬೇಡಿ. ಇಆರ್‌ಸಿ ಗ್ರಾಂಟನ್ನು ಸಂಶೋಧಕರು ಇನ್ನೊಂದು ಸಂಸ್ಥೆಗೆ ಒಯ್ಯಬಹುದು. ಅವರು ಊರು ಬದಲಿಸಿರಬಹುದು. ಅವರ ತೀರಾ ಈಚಿನ ಪ್ರಿಪ್ರಿಂಟ್ ತೆಗೆದು ಹೆಸರಿನ ಕೆಳಗೆ ಯಾವ ವಿಳಾಸ ಇದೆ ನೋಡಿ. ನಿಜಕ್ಕೂ ಹೊಸ ಜಾಗಕ್ಕೆ ಹೋಗಿದ್ದರೆ ಹಳೆಯ ಗುಂಪಿನ ಎಲ್ಲರೂ ಜೊತೆಗೆ ಹೋಗಿರುವುದಿಲ್ಲ, ಅಲ್ಲಿ ಜನ ಬೇಕಾಗುತ್ತದೆ. ಆ ನಾಲ್ಕರಲ್ಲಿ ನಾನಾದರೆ ಮೊದಲು ಅವರಿಗೇ ಬರೆಯುತ್ತಿದ್ದೆ.